ನೂರರ ಜಾಗದಲ್ಲಿ ನೂರೈವತ್ತು

ಮೇಲೆ ಮಹಡಿಯಲ್ಲಿ ಕಟ್ಟಿರಬೇಕಾದ ಕಬ್ಬಿಣದ ಸರಳು ಕೆಳಗೆ ಅಂಗಳದಲ್ಲಿ ಬಿದ್ದಿತ್ತು. ಒಂದೆರಡಲ್ಲ, ದೊಡ್ಡದೊಂದು ಹೊರೆ. ಅಳತೆಗೆ ಕತ್ತರಿಸಿ, ತುದಿ ಬಗ್ಗಿಸಿ, ಚೀಟಿ ಕಟ್ಟಿದ ಸರಳು. ಏಣಿಯ ಬುಡದಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದ ಶಾಂಭವಿ ಚೀಟಿಯನ್ನು ಓದಿದಳು. ಬಾಲ್ಕನಿ, ಮೇಲಿನ ಪದರ ಎಂದಿತ್ತು.

ನವನಗರದ ಒಳರಸ್ತೆಯಲ್ಲಿ ಒಂದು ಶಿಕ್ಷಣ ಸಂಸ್ಥೆಯವರು ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿಸುತ್ತಿದ್ದರು. ಕಟ್ಟುವವನು ಗುತ್ತಿಗೆದಾರ ಶಿವಯೋಗೀಶ. ಕಟ್ಟುವುದು ಸರಿಯಾಗಿದೆಯೋ ಇಲ್ಲವೋ ನೋಡಲು ಸಂಸ್ಥೆಯವರು ಬೇರೆ ಒಂದು ಕಂಪನಿಯನ್ನು ಇಟ್ಟಿದ್ದರು, ಆ ಕಂಪನಿಯ ಗುಣಮಟ್ಟದ ಎಂಜಿನಿಯರ್ ಶಾಂಭವಿ. ಇಂಥ ಕೆಲಸದವರನ್ನು ಸೈಟಿನಲ್ಲಿ ಯಾರೂ ಪ್ರೀತಿಯಿಂದ ಬರಮಾಡಿಕೊಳ್ಳುವುದಿಲ್ಲ. ಚಹಾ ಕೊಡುತ್ತಾರೆ, ಕುರ್ಚಿ ಒರೆಸಿ ಕೊಡುತ್ತಾರೆ, ಯಾವಾಗ ಹೋಗುತ್ತಾಳೋ ಎಂದು ಗಡಿಯಾರ ನೋಡುತ್ತಾರೆ. ಕಾಂಕ್ರೀಟ್ ಸುರಿಯುವ ಮುಂಚೆ ಸರಳುಗಳನ್ನೆಲ್ಲ ನೋಡಿ ಅವಳು ಸಹಿ ಹಾಕಬೇಕು. ಸುರಿದ ಮೇಲೆ ನೋಡುತ್ತೇನೆಂದರೆ ಒಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊರೆಯ ಪಕ್ಕದಲ್ಲಿ ಅಯಾಜ ತಂತಿಯ ಸುರುಳಿ ಬಿಚ್ಚುತ್ತಿದ್ದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಸರಳು ಕಟ್ಟುವ ತಂಡದಲ್ಲಿ ಮೇಸ್ತ್ರಿ ಇಮಾಮಹುಸೇನರ ಬಲಗೈ, ಸಂಬಂಧದಲ್ಲಿ ಅವರ ತಂಗಿಯ ಮಗ.

"ಅಯಾಜ, ಇವು ಯಾಕ ಉಳದಾವು?"

"ಆಫೀಸಿನವ್ರು ಲೆಕ್ಕ ತಪ್ಪಿ ಹೆಚ್ಚಿಗಿ ಕತ್ತರಿಸ್ಯಾರಂತರೀ ಮೇಡಂ. ನಾ ಮಾಮುಗ ಕೇಳಿದೆ. ಇರಲಿ ಬಿಡು, ಮುಂದ ಎಲ್ಯಾರ ಹಚ್ಚಿದ್ರಾತು ಅಂದ್ರು."

ಮಾಮು ಅಂದಮೇಲೆ ಮುಗಿಯಿತು. ಆ ಸೈಟಿನಲ್ಲಿ ಇಮಾಮಹುಸೇನ ಮೇಸ್ತ್ರಿ ಹೇಳಿದ್ದನ್ನು ಎರಡನೇ ಸಲ ಕೇಳುವ ಪದ್ಧತಿ ಇರಲಿಲ್ಲ. ಶಾಂಭವಿಗೂ ಇರಲಿಲ್ಲ ಎನ್ನಿ. ಅವಳ ತಂದೆ ಗುರುಶಿದ್ದಪ್ಪ ಉಣಕಲ್ಲಿನಲ್ಲಿ ಸಣ್ಣ ಗುತ್ತಿಗೆದಾರರಾಗಿದ್ದರು. ಅವರು ಕಟ್ಟಿಸಿದ ಒಂದೊಂದು ಮನೆಯಲ್ಲೂ ಸರಳು ಕಟ್ಟಿದವರು ಇದೇ ಇಮಾಮಹುಸೇನ. ಸಾಲಿ ಬಿಟ್ಟ ಕೂಡಲೇ ಅಪ್ಪನ ಸೈಟಿಗೆ ಓಡುತ್ತಿದ್ದ ಹುಡುಗಿಗೆ ಕೊಕ್ಕೆ ಹಿಡಿದು ತಂತಿ ತಿರುವುವುದನ್ನು ಕಲಿಸಿದವರೂ ಅವರೇ. ಅಪ್ಪ ತೀರಿದ ದಿನ ಮಣ್ಣು ಮುಗಿಯುವವರೆಗೆ ಇವರು ಅವಳ ಮನೆಯಂಗಳದಲ್ಲಿ ತುತ್ತು ಬಾಯಿಗೆ ಹಾಕದೆ ನಿಂತಿದ್ದರು. ಸೈಟಿನಲ್ಲಿ ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರೆ ಅವರೊಬ್ಬರು ಮಾತ್ರ ಶಾಂಭವ್ವ ಅನ್ನುತ್ತಿದ್ದರು.

"ಬಾರವ್ವಾ ಶಾಂಭವ್ವ," ಏಣಿಯ ಮೇಲೆ ಅವಳ ತಲೆ ಕಾಣಿಸಿದ ಕೂಡಲೇ ಮೇಸ್ತ್ರಿ ಕೂಗಿದರು. "ಲಗೂ ನೋಡಿ ಸೈ ಮಾಡು. ಬೆಳಿಗ್ಗಿ ಗಾಡಿ ಬರ್ತಾವ."

ನಿಜವಾಗಿಯೂ ಮರುದಿನ ಬೆಳಿಗ್ಗೆಗೆ ಕಾಂಕ್ರೀಟಿನ ಗಾಡಿಗಳಿಗೆ ಹೇಳಿ ಆಗಿತ್ತು. ಗುತ್ತಿಗೆದಾರನ ಕಡೆಯ ಎಂಜಿನಿಯರ್ ವಿನೀತ ಡ್ರಾಯಿಂಗ್ ಹಿಡಿದು ತಯಾರಾಗಿ ನಿಂತಿದ್ದ. ಒಳಗಿನ ಸ್ಲ್ಯಾಬು ಕಣ್ಣಿಗೆ ಹಬ್ಬವಾಗಿತ್ತು. ನೇರ ಗೆರೆ, ಬಿಗಿ ಗಂಟು, ಸರಳಿನ ಕೆಳಗೆ ಹಲಗೆಗೆ ತಾಗದಂತೆ ಸಿಮೆಂಟಿನ ಬಿಲ್ಲೆಗಳು. ಶಾಂಭವಿ ಅಲ್ಲಲ್ಲಿ ಟೇಪು ಹಿಡಿದಳು, ಎಲ್ಲ ಸರಿಯಿತ್ತು. ನಂತರ ಬಾಲ್ಕನಿಗೆ ಬಂದಳು.

ಬಾಲ್ಕನಿ ಅನ್ನುವುದು ಒಂದೇ ಕಡೆ ಆಧಾರವಿರುವ ಸ್ಲ್ಯಾಬು. ಅದರ ಕೆಳಗೆ ಕಂಬವಿಲ್ಲ. ಅದರ ಮೇಲ್ಭಾಗದಲ್ಲಿ ಓಡುವ ಸರಳುಗಳು ಕಟ್ಟಡದೊಳಗಿನ ಸ್ಲ್ಯಾಬಿನ ತನಕ ಹೋಗಿ ಅದನ್ನು ಹಿಂದಿನಿಂದ ಹಿಡಿದುಕೊಂಡಿರುತ್ತವೆ. ಕೆಳಗಿನ ಮಹಡಿಯಲ್ಲಿ ಬಾಲ್ಕನಿ ಚಿಕ್ಕದಿತ್ತು, ಅಲ್ಲಿ ನೂರೈವತ್ತು ಮಿಲಿಮೀಟರಿಗೊಂದು ಸರಳು ಸಾಕಾಗಿತ್ತು. ಈ ಮಹಡಿಯಿಂದ ಮೇಲಕ್ಕೆ ಹುಡುಗಿಯರಿಗೆ ಬಟ್ಟೆ ಒಣಹಾಕಲು ಜಾಗ ಬೇಕೆಂದು ಸಂಸ್ಥೆಯವರು ಬಾಲ್ಕನಿಯನ್ನು ಮುಂದಕ್ಕೆ ಚಾಚಿಸಿದ್ದರು. ವಿನ್ಯಾಸ ಮಾಡುವ ಧಾರವಾಡದ ವಿಶಾಲ ಅವರು ಸ್ಲ್ಯಾಬು ದಪ್ಪ ಮಾಡಿ, ಸರಳು ಉದ್ದ ಮಾಡಿ, ನೂರಕ್ಕೊಂದು ಎಂದು ತಿದ್ದಿದ ಡ್ರಾಯಿಂಗ್ ಕಳಿಸಿದ್ದರು.

ಶಾಂಭವಿ ಬಗ್ಗಿ ಟೇಪು ಎಳೆದಳು. ಒಂದು ಸರಳಿನ ನಡುವಿನಿಂದ ಶುರುಮಾಡಿ ಹತ್ತು ಸಂದು ಎಣಿಸಿದರೆ ಒಂದು ಮೀಟರ್ ಬರಬೇಕು. ಒಂದೂವರೆ ಬಂತು. ಮೂಲೆಗೆ ಹೋಗಿ ಅಳೆದಳು, ಒಂದೂವರೆ. ಇನ್ನೊಂದು ತುದಿಗೆ ಹೋದಳು, ಅಲ್ಲಿಯೂ ಅಷ್ಟೇ. ಒಂದು ಸರಳು ಅತ್ತಿತ್ತ ಸರಿದಿದ್ದರೆ ಕೈಯಿಂದ ಸರಿಸಿ ಮುಂದೆ ಹೋಗಬಹುದಿತ್ತು. ಇಲ್ಲಿ ಇಡೀ ಬಾಲ್ಕನಿ ಅಷ್ಟೇ ಚಂದವಾಗಿ, ಅಷ್ಟೇ ನೇರವಾಗಿ, ಪೂರ್ತಿ ತಪ್ಪಾಗಿ ಕಟ್ಟಲ್ಪಟ್ಟಿತ್ತು. ಮೂರರಲ್ಲಿ ಒಂದು ಪಾಲು ಸರಳು ಕೆಳಗೆ ಅಂಗಳದಲ್ಲಿತ್ತು.

"ವಿನೀತ, ಇಲ್ಲೆ ಬರ್ರಿ," ಅಂದಳು.

ವಿನೀತ ಬಂದು ತಾನೂ ಟೇಪು ಹಿಡಿದು ನೋಡಿದ. "ಮೇಡಂ, ನಡುವ ಒಂದೊಂದು ಹಾಕಿಬಿಟ್ರ?"

"ನಡುವ ಹಾಕಾಕ ಈಗ ಇರೂವಷ್ಟ ಸರಳು ಮತ್ತ ಬೇಕು. ಕೆಳಗ ಉಳದದ್ದು ಅದರ ಅರ್ಧ ಐತಿ. ಎಲ್ಲಾ ಬಿಚ್ಚಿ, ಹೊಸದಾಗಿ ಗುರ್ತು ಹಾಕಿ ಕಟ್ಟಬೇಕ್ರಿ. ಬೆಳಗಿನ ಗಾಡಿ ಬ್ಯಾಡಂತ ಹೇಳ್ರಿ."

ಇಮಾಮಹುಸೇನ ಮೇಸ್ತ್ರಿ ಕೈ ಹಿಂದೆ ಕಟ್ಟಿಕೊಂಡು ಅಲ್ಲೇ ನಿಂತಿದ್ದರು. ಅವರು ಜಗಳ ತೆಗೆದಿದ್ದರೆ, ನಿನಗೇನು ಗೊತ್ತು ಎಂದು ಬೈದಿದ್ದರೆ ಶಾಂಭವಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಬಗ್ಗಿ ಸರಳಿನ ಮೇಲೆ ಕೈಯಾಡಿಸಿದರು, ಎರಡು ಸರಳುಗಳ ನಡುವೆ ಗೇಣು ಹಾಕಿ ನೋಡಿದರು, ಮತ್ತೆ ಎದ್ದು ನಿಂತರು.

ತಗಡಿನ ಆಫೀಸಿನಲ್ಲಿ ಕುಳಿತು ಅವಳು ಎನ್‌ಸಿಆರ್ ಬರೆದಳು. ಡ್ರಾಯಿಂಗಿಗೆ ಹೊಂದದ ಕೆಲಸ ಕಂಡಾಗ ಬರೆಯುವ ವರದಿ ಅದು. ಎಲ್ಲಿ, ಯಾವ ಡ್ರಾಯಿಂಗ್, ಏನಿರಬೇಕಿತ್ತು, ಏನಿದೆ, ಟೇಪು ಇಟ್ಟು ತೆಗೆದ ಫೋಟೋ. ಅಲ್ಲಿಗೆ ಅವಳ ಪಾಲು ಮುಗಿಯಿತು. ಹೇಗೆ ಸರಿಪಡಿಸುತ್ತೀರಿ, ಯಾಕೆ ಹೀಗಾಯಿತು, ಮುಂದೆ ಆಗದಂತೆ ಏನು ಮಾಡುತ್ತೀರಿ ಎಂಬುದನ್ನು ಗುತ್ತಿಗೆದಾರನ ಕಡೆಯವರು ಬರೆಯಬೇಕು. ಅದನ್ನು ಒಪ್ಪುವುದು ಬಿಡುವುದು ಮತ್ತೆ ಅವಳದೇ. ವಿಶಾಲ ಅವರಿಗೆ ಫೋನು ಮಾಡಿದಳು. ಇದ್ದಂತೆಯೇ ಬಿಡಲು ಸಾಧ್ಯವೇ ಎಂದು ಕೇಳಲೇಬೇಕಲ್ಲ.

"ಸಾಧ್ಯನ ಇಲ್ರಿ," ಅಂದರು ವಿಶಾಲ. "ಹಬ್ಬದ ದಿನ ಹುಡುಗ್ಯಾರೆಲ್ಲಾ ಅಲ್ಲೆ ಬಂದು ನಿಂತ್ರ ಏನಾಗಬೇಕು?"

ಸಂಜೆಯ ಹೊತ್ತಿಗೆ ವಿನೀತನ ಉತ್ತರ ಬಂತು. ಕಾರಣ ಎಂಬಲ್ಲಿ ಒಂದೇ ಸಾಲು ಇತ್ತು. ಮೇಸ್ತ್ರಿಯ ಬಳಿ ಹಳೆಯ ಡ್ರಾಯಿಂಗ್ ಉಳಿದಿತ್ತು ಎಂದು. ಪರಿಹಾರ, ಹಳೆಯ ಪ್ರತಿಗಳನ್ನೆಲ್ಲ ವಾಪಸು ತೆಗೆದುಕೊಳ್ಳಲಾಗುವುದು. ಓದಲು ಬಲು ಹಿತವಾದ ಸಾಲು. ಯಾರ ಮನಸ್ಸಿಗೂ ನೋವಿಲ್ಲ, ಯಾರ ಕೆಲಸಕ್ಕೂ ಕುತ್ತಿಲ್ಲ, ಎಲ್ಲ ತಪ್ಪೂ ಕಾಗದದ್ದು. ಇಂಥ ಸಾಲುಗಳ ಮೇಲೆ ನಮ್ಮಲ್ಲಿ ಎಷ್ಟು ಫೈಲುಗಳು ಸುಖವಾಗಿ ಮುಚ್ಚಿವೆಯೋ.

ಆದರೆ ಅದು ಸುಳ್ಳಾಗಿತ್ತು. ಹೊಸ ಡ್ರಾಯಿಂಗ್ ಕೊಟ್ಟ ದಿನ ಶಾಂಭವಿಯೇ ಮುಂದೆ ನಿಂತು ಹಳೆಯ ಪ್ರತಿಯನ್ನು ಮೇಸ್ತ್ರಿಯ ಕೈಯಿಂದ ಇಸಿದುಕೊಂಡು ರದ್ದು ಎಂದು ಮುದ್ರೆ ಒತ್ತಿದ್ದಳು. ಮೇಸ್ತ್ರಿ ಹೊಸದನ್ನು ಬಿಚ್ಚಿ ಹಿಡಿದು, ತಲೆಯಾಡಿಸಿ, "ಹಾಂ, ಆತು," ಅಂದದ್ದು ಅವಳಿಗೆ ನೆನಪಿತ್ತು.

ಅವಳು ಎದ್ದು ಸರಳು ಬಗ್ಗಿಸುವ ಕಟ್ಟೆಯ ಕಡೆ ಹೋದಳು. ಆಳುಗಳು ಮೇಲೆ ಗಂಟು ಬಿಚ್ಚುತ್ತಿದ್ದರು. ಮೇಸ್ತ್ರಿ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಪಕ್ಕದಲ್ಲಿ ಒಂದು ಕಟ್ಟಿಗೆಯ ತುಂಡು, ಸೀಮೆಸುಣ್ಣ. ಆ ತಂಡದಲ್ಲಿ ಗುರುತು ಹಾಕುವುದು ಮೇಸ್ತ್ರಿಯೊಬ್ಬರ ಹಕ್ಕು. ಬಿಸ್ಮಿಲ್ಲಾ ಎಂದು ಹಲಗೆಯ ಮೇಲೆ ಮೊದಲ ಗೆರೆ ಎಳೆದು, ಬೇಕಾದ ಅಂತರಕ್ಕೆ ಕತ್ತರಿಸಿದ ತುಂಡನ್ನು ಒಂದರ ಮುಂದೊಂದು ಇಡುತ್ತ ಕೊನೆಯ ತನಕ ಅವರೇ ಹೋಗುತ್ತಿದ್ದರು. ಅವರ ಗೆರೆಯ ಮೇಲೆ ಟೇಪು ಇಟ್ಟು ನೋಡುವುದೆಂದರೆ ಅವರ ಮುಖಕ್ಕೆ ಹೊಡೆದಂತೆ. ಆದ್ದರಿಂದ ಯಾರೂ ಇಡುತ್ತಿರಲಿಲ್ಲ.

"ಕಾಕಾ, ಹೊಸಾ ಡ್ರಾಯಿಂಗ್ ನಿಮ್ಮ ಕಡೆ ಇತ್ತಲ್ರಿ."

"ಇತ್ತು."

ಅವಳು ತಂದಿದ್ದ ಪ್ರತಿಯನ್ನು ಅವರ ತೊಡೆಯ ಮೇಲೆ ಹರಡಿದಳು. ಬಾಲ್ಕನಿಯ ಜಾಗಕ್ಕೆ ಬೆರಳಿಟ್ಟಳು. "ಇಲ್ಲೆ ಎಷ್ಟಂತ ಬರದೈತ್ರಿ?"

"ನೂರು," ಅಂದರು. ಮಧ್ಯಾಹ್ನದಿಂದ ಸೈಟಿನ ತುಂಬ ಅದೇ ಮಾತಲ್ಲವೇ.

ಅವಳು ಬೆರಳನ್ನು ಡ್ರಾಯಿಂಗಿನಲ್ಲಿ ಮೆಟ್ಟಿಲು ಇದ್ದ ಕಡೆ ಸರಿಸಿದಳು, ಅಲ್ಲಿಯ ಅಂಕಿಯನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆ ಮಾಡುವಾಗ ತನ್ನ ಮೇಲೆಯೇ ಅವಳಿಗೆ ಹೇಸಿಕೆಯಾಯಿತು. "ಮತ್ತ ಇಲ್ಲೆ?"

ಮೇಸ್ತ್ರಿ ಕಾಗದವನ್ನು ಎತ್ತಿದರು, ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಮೆಲ್ಲಗೆ ಮಡಚಿ ಅವಳ ಕೈಗೆ ಕೊಟ್ಟರು.

"ಕಾಣವಲ್ದವ್ವಾ."

ಶಾಂಭವಿ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತಳು. ದೂರದ ದೊಡ್ಡ ರಸ್ತೆಯಲ್ಲಿ ಧಾರವಾಡದ ಬಸ್ಸು ಹೋಯಿತು.

"ಕಣ್ಣಿಗೆ ಚಾಳೀಸ ಹಾಕ್ಕೊಂಡ್ರ?"

"ಚಾಳೀಸದ ಮಾತಲ್ಲ. ಸಕ್ಕರಿ ಬ್ಯಾನಿ ಕಣ್ಣಿನ ಹಿಂದಿನ ಪರದೇಕ್ಕ ಇಳದೈತಂತ. ದವಾಖಾನ್ಯಾಗ ನೋಡ್ಯಾರ. ಹೋದದ್ದು ಹೋತು, ಇದ್ದದ್ದನ್ನ ಉಳಸ್ಕೊಳ್ರಿ ಅಂದ್ರು. ನಡುವ ನೋಡಿದ್ರ ಕರೀ ಮೋಡ ನಿಂತಂಗ, ಮಗ್ಗಲದಾಗ ಸ್ವಲ್ಪ ಸ್ವಲ್ಪ ಕಾಣ್ತೈತಿ. ಏಣಿ ಹತ್ತತೇನಿ, ಗಂಟ ಕಟ್ಟತೇನಿ, ಕೈಗೆ ಎಲ್ಲಾ ಗೊತ್ತೈತಿ. ಅಕ್ಷರ ಒಂದ ಆಗಂಗಿಲ್ಲ. ಕೆಳಗಿನ ಬಾಲ್ಕನಿ ನೆನಪಿತ್ತು. ಮ್ಯಾಲಿಂದೂ ಹಂಗ ಇರ್ತೈತಿ ಅಂದ್ಕೊಂಡು ಅದ ತುಂಡು ಇಟ್ಟೆ."

"ಅಯಾಜಗ ಓದು ಅನ್ನಬೇಕಿತ್ತಲ್ರಿ?"

"ಏನಂತ ಹೇಳ್ಲಿ ಅವಗ? ಮಾಮುಗ ಕಣ್ಣಿಲ್ಲ ಅಂತನೋ?" ಅವರು ಕಟ್ಟಿಗೆಯ ತುಂಡನ್ನು ಕೈಯಲ್ಲಿ ಹೊರಳಿಸಿದರು. "ಯಾರಿಗೂ ಗೊತ್ತಿಲ್ಲ ಶಾಂಭವ್ವ. ನಿನ್ನ ಚಾಚಿಗೂ ಹೇಳಿಲ್ಲ. ವಿನೀತ ಏನೋ ಬರದಾನಂತಲ್ಲ, ಹಳೇ ಡ್ರಾಯಿಂಗ್ ಅಂತ. ಅದಕ್ಕ ಸೈ ಮಾಡಿಬಿಡು. ಇನ್ನೊಂದು ವರ್ಷ ಇಲ್ಲೇ ಇರ್ತೇನಿ. ಇನ್ನಮ್ಯಾಲೆ ಅಯಾಜನ ಕಡೆ ಓದಸ್ತೇನಿ, ಏನಾರ ನೆವಾ ಹೇಳಿ. ಒಮ್ಮಿ ಮನ್ಯಾಗ ಕುಂತೆ ಅಂದ್ರ ಮುಗೀತು, ಕುಡ್ಡ ಇಮಾಮ ಅಂತಾರ."

ಅವರು ಬೇಡಿದ್ದು ಅದೊಂದನ್ನೇ. ಆ ದೊಡ್ಡ ಕೈಗಳು, ಉಗುರಿನೊಳಗೆ ತುಕ್ಕು ಕೂತ ಕೈಗಳು, ಎಂದೂ ಯಾರ ಮುಂದೂ ಚಾಚಿದವಲ್ಲ. "ನಾಳೆ ಹೇಳ್ತೇನ್ರಿ ಕಾಕಾ," ಎಂದು ಶಾಂಭವಿ ಎದ್ದಳು. ಆಗಲೇ ಇಲ್ಲ ಅನ್ನುವಷ್ಟು ಗಟ್ಟಿತನ ಅವಳಿಗೆ ಬರಲಿಲ್ಲ.

ಮನೆಗೆ ಹೋಗಿ, ಸಹಿ ಹಾಕಿದರೆ ಏನಾದೀತು ಎಂದು ಹತ್ತು ಬಗೆಯಲ್ಲಿ ತೂಗಿ ನೋಡಿದಳು. ಈ ಬಾಲ್ಕನಿ ಹೇಗೂ ಸರಿಯಾಗುತ್ತದೆ. ಇದರ ಮೇಲೆ ಇನ್ನೂ ಎರಡು ಮಹಡಿ ಇವೆ, ನೀರಿನ ತೊಟ್ಟಿ ಇದೆ. ಈ ಸೈಟು ಮುಗಿದರೆ ಕಾಕಾ ಇನ್ನೊಂದಕ್ಕೆ ಹೋಗುತ್ತಾರೆ. ಅಲ್ಲಿ ಕೆಳಗೆ ಉಳಿದ ಹೊರೆಯನ್ನು ನೋಡುವವರು ಯಾರು? ಹಳೆಯ ಡ್ರಾಯಿಂಗ್ ಅಂದರೆ ಎಲ್ಲರೂ ಕಾಗದಗಳನ್ನು ಹುಡುಕುತ್ತಾರೆ, ಗೆರೆಗಳನ್ನು ಯಾರೂ ನೋಡುವುದಿಲ್ಲ. ಕಾರಣ ಸುಳ್ಳಾದರೆ ಪರಿಹಾರವೂ ಸುಳ್ಳೇ. ಇಷ್ಟೆಲ್ಲ ಸ್ಪಷ್ಟವಾಗಿದ್ದರೂ ಅವಳು ಅತ್ತಳು. ಸರಿ ಯಾವುದೆಂದು ಗೊತ್ತಾದ ಮಾತ್ರಕ್ಕೆ ಅಳು ನಿಲ್ಲುತ್ತದೆಂದು ಯಾರು ಹೇಳಿದರು?

ಬೆಳಿಗ್ಗೆ ಹೋಗಿ ಉತ್ತರವನ್ನು ಒಪ್ಪುವುದಿಲ್ಲ ಎಂದಳು. ವಿನೀತ ಕೈ ಎತ್ತಿದ. "ಹಂಗಾದ್ರ ನೀವ ಹೇಳ್ರಿ, ಏನ್ ಬರೀಲಿ?" ಅವಳು ಒಂದೊಂದೇ ವಾಕ್ಯ ಹೇಳಿದಳು, ಅವನು ಬರೆದ. ಹೆಸರು ಹಾಕಬೇಡಿ ಎಂದಳು. ಹೆಸರು ಹಾಕದಿದ್ದರೆ ಗೊತ್ತಾಗುವುದಿಲ್ಲವೇ, ಆ ಸೈಟಿನಲ್ಲಿ ಗುರುತು ಹಾಕುವ ಮೇಸ್ತ್ರಿ ಇನ್ನೆಷ್ಟು ಜನ ಇದ್ದರು?

ಶಿವಯೋಗೀಶ ಕೆಟ್ಟವನಲ್ಲ. ಬೈಯಲಿಲ್ಲ, ಕೂಗಾಡಲಿಲ್ಲ. ಓದಿ, ತಲೆ ಹಿಡಿದು ಕುಳಿತ. "ಕಣ್ಣು ಕಾಣದವರ್ನ ಮ್ಯಾಲ ಹತ್ತಿಸಿ, ನಾಳೆ ಬಿದ್ದು ಏನಾರ ಆದ್ರ ಅವರ ಮನಿಯವರಿಗೆ ಏನ್ ಮಾರಿ ತೋರಿಸ್ಲಿ? ಕೆಳಗ ಬಾಗಲಾ ಕಾಯಾಕ ಇರ್ರಿ ಅಂತೇನಿ," ಅಂದ. ಶಾಂಭವಿ ತಾನೇ ಹೋಗಿ ಹೇಳುತ್ತೇನೆ ಎಂದು ಹೊರಗೆ ಬರುವಷ್ಟರಲ್ಲಿ ಮೇಸ್ತ್ರಿ ಅಲ್ಲಿರಲಿಲ್ಲ. ಯಾರೋ ಆಗಲೇ ಹೇಳಿದ್ದರು. ಬಾಗಿಲು ಕಾಯುವ ಮಾತನ್ನೂ ಹೇಳಿದ್ದರಂತೆ. ಮೇಸ್ತ್ರಿ ಸೀಮೆಸುಣ್ಣವನ್ನು ಅಯಾಜನ ಅಂಗಿಯ ಕಿಸೆಗೆ ಹಾಕಿ, ಗೋಡೆ ಹಿಡಿದು ನಡೆದು ಗೇಟು ದಾಟಿ ಹೋದರಂತೆ.

ಅಯಾಜ ಬಿಸ್ಮಿಲ್ಲಾ ಎಂದು ಗೆರೆ ಎಳೆದ. ಸರಳು ಇಡುವ ಮೊದಲೇ ವಿನೀತ ಅವನ ಗೆರೆಗಳನ್ನು ಟೇಪು ಹಿಡಿದು ನೋಡಿದ. ಇನ್ನು ಮುಂದೆ ಪ್ರತಿ ಸ್ಲ್ಯಾಬಿಗೂ ಹೀಗೆಯೇ ಎಂದು ಬರೆದಾಗಿತ್ತು. ಅಂಗಳದ ಹೊರೆ ಮೇಲೇರಿತು, ಒಂದು ಸರಳೂ ಉಳಿಯಲಿಲ್ಲ. ಶಾಂಭವಿ ಮತ್ತೆ ಅಳೆದಳು, ಹತ್ತು ಸಂದಿಗೆ ಒಂದು ಮೀಟರ್. ಮೇಲಿನ ಸರಳು ಕೆಳಗೆ ಕುಸಿಯದಂತೆ ಇಟ್ಟ ಕಬ್ಬಿಣದ ಕುರ್ಚಿಗಳನ್ನು ಕಾಲಿನಿಂದ ಒತ್ತಿ ನೋಡಿದಳು. ಫೋಟೋ ತೆಗೆದು, ಎನ್‌ಸಿಆರ್ ಮುಚ್ಚಿ, ಕಾಂಕ್ರೀಟಿಗೆ ಒಪ್ಪಿಗೆ ಕೊಟ್ಟಳು. ಎರಡು ದಿನದ ಮೇಲೆ ಗಾಡಿಗಳು ಬಂದವು. ಬೂದಿಬಣ್ಣದ ಕೆಸರು ಸರಳುಗಳ ಮೇಲೆ ಹರಡಿ ಎಲ್ಲವನ್ನೂ ಮುಚ್ಚಿತು. ತಪ್ಪು ಎಲ್ಲಿತ್ತೆಂದು ಇನ್ನು ಯಾರಿಗೂ ತೋರಿಸಲಾಗುತ್ತಿರಲಿಲ್ಲ.

ಅದೇ ಸಂಜೆ ಅವಳು ಉಣಕಲ್ಲಿಗೆ ಹೋದಳು. ಕೆರೆಯ ಹಿಂದಿನ ಓಣಿಯಲ್ಲಿ ಇಮಾಮಹುಸೇನರ ಮನೆ. ಅದರ ಮುಂದಿನ ಚಪ್ಪರಕ್ಕೆ ಎಷ್ಟು ಕಂಬಗಳೆಂದು ಕಣ್ಣು ಮುಚ್ಚಿ ಹೇಳುವಷ್ಟು ಸಲ ಅವಳು ಅಲ್ಲಿಗೆ ಹೋಗಿದ್ದಳು. ಈ ಸಲ ಚಪ್ಪಲಿ ಬಿಡಲು ಹಿಂಜರಿದಳು. ಮೇಸ್ತ್ರಿಯ ಹೆಂಡತಿ ಮಾಬೂಬಿ ಚಾಚಿ ಒಳಗಿನಿಂದಲೇ ಗುರುತು ಹಿಡಿದು, "ಬಾರವ್ವಾ, ಹೊರಗ್ಯಾಕ ನಿಂತಿ?" ಎಂದು ಕೈಹಿಡಿದು ಕರೆದುಕೊಂಡು ಹೋದರು.

ಮೇಸ್ತ್ರಿ ಹೊರಸಿನ ಮೇಲೆ ಕುಳಿತಿದ್ದರು. "ಶಾಂಭವ್ವ ಬಂದೇನು," ಅಂದರು. ಚಾಚಿ ಚಹಾ ತಂದರು, ಅವಳ ಮುಂದೆ ಸ್ಟೂಲಿಟ್ಟರು, ತಾವು ಬಾಗಿಲಿನ ಹತ್ತಿರ ಕೆಳಗೆ ಕುಳಿತರು. ಅವರಿಗೆ ಹೇಳಿಕೊಳ್ಳುವುದು ಬೇಕಾದಷ್ಟಿತ್ತು.

"ನೀನಾರ ಹೇಳವ್ವಾ. ಕೆಲಸ ಬಿಟ್ಟ ಬಂದೇನಿ ಅಂತಾರ, ಯಾಕ ಅಂದ್ರ ಬಾಯಿ ಬಿಡವಲ್ರು. ಶಾಂಭವಿ ಏನೋ ಬರದಾಳ, ಅದಕ್ಕ ಹಿಂಗಾತು ಅಂತ ಓಣ್ಯಾಗ ಅಂತಾರ. ನೀ ಇವರ ಬಗ್ಗೆ ಕೆಟ್ಟದ್ದು ಬರದೀ ಅಂದ್ರ ನಾ ನಂಬಂಗಿಲ್ಲ."

ಶಾಂಭವಿ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಮೊದಲ ಇವರು ಹಿಂಗ ಇರಲಿಲ್ಲ," ಚಾಚಿ ದನಿ ಇಳಿಸಿದರು, ಎದುರಿಗೇ ಕುಳಿತ ಗಂಡನಿಗೆ ಕೇಳಿಸದೆಂಬಂತೆ. "ವರ್ಷಾತು, ನನ್ನ ಮಾರಿ ನೋಡಿ ಮಾತಾಡಿಲ್ಲ. ನಾ ಮಾತಾಡ್ಸಿದ್ರ ಆ ಕಡೆ ಗ್ವಾಡಿ ನೋಡ್ತಾರ. ಈದಿಗೆ ಹೊಸಾ ಸೀರಿ ಉಟ್ಟ ಮುಂದ ನಿಂತೆ, ಏನೂ ಅನ್ನಲಿಲ್ಲ. ನಾ ಏನ್ ತಪ್ಪ ಮಾಡೇನೋ, ಯಾವ ಮಾತು ಇವರ ಮನಸಿಗೆ ಹತ್ತೇತೋ ಅಂತ ಕುಂತಲ್ಲೆ ನಿಂತಲ್ಲೆ ಅದ ವಿಚಾರ. ಈಗ ಕೆಲಸಾನೂ ಬಿಟ್ರು."

ಶಾಂಭವಿ ಮೇಸ್ತ್ರಿಯ ಕಡೆ ನೋಡಿದಳು. ಹೇಳಲೋ ಬೇಡವೋ? ಸೈಟಿನಲ್ಲಿ ಬರೆಯುವುದು ಅವಳ ಕೆಲಸ. ಈ ಮನೆಯೊಳಗೆ ಆ ಮಾತನ್ನು ತರುವ ಹಕ್ಕು ಅವಳಿಗಿರಲಿಲ್ಲ. ಹೆಂಡತಿ ಹೇಳಿದ್ದು ಮೇಸ್ತ್ರಿಗೂ ಹೊಸದಾಗಿತ್ತೆಂದು ಕಾಣುತ್ತದೆ. ತಾವು ಮುಚ್ಚಿಟ್ಟದ್ದು ಇನ್ನೊಬ್ಬರ ಎದೆಯಲ್ಲಿ ಹೀಗೆ ಬೆಳೆದಿದೆ ಎಂದು ಪಾಪ ಅವರೇನು ಬಲ್ಲರು.

"ಏನ್ ಬರದಿ, ಓದು ಶಾಂಭವ್ವ," ಅಂದರು ಕೊನೆಗೆ. "ಆಕಿನೂ ಕೇಳ್ಲಿ."

ವರದಿ ಅವಳ ಫೋನಿನಲ್ಲಿತ್ತು. ಇಂಗ್ಲಿಷಿನಲ್ಲಿ ಬರೆದದ್ದು. ಸೈಟಿನ ಆಫೀಸಿನಲ್ಲಿ ಆ ವಾಕ್ಯಗಳು ಒಣಗಿದ ಮರದಂತೆ ಇದ್ದವು. ಕನ್ನಡಕ್ಕೆ ತಂದು ಈ ಇಬ್ಬರ ಮುಂದೆ ಹೇಳಬೇಕಾದಾಗ ಒಂದೊಂದು ಮಾತೂ ನಾಲಿಗೆಯ ಮೇಲೆ ಭಾರವಾಯಿತು.

"ಬಾಲ್ಕನಿ ಸರಳು ನೂರಕ್ಕೊಂದು ಇರಬೇಕಿತ್ತು, ನೂರೈವತ್ತಕ್ಕೊಂದು ಇತ್ತು. ಗುರ್ತು ಹಾಕಿದ ಮೇಸ್ತ್ರಿಯವ್ರಿಗೆ..." ಅವಳು ನಿಂತಳು.

"ಓದು."

"ಮೇಸ್ತ್ರಿಯವ್ರಿಗೆ ಕಣ್ಣಿನ ದೃಷ್ಟಿ ಹೋಗಿದ್ದಕ್ಕ ಹೊಸಾ ಡ್ರಾಯಿಂಗ್ ಓದಾಕ ಆಗಿಲ್ಲ. ಕೆಳಗಿನ ಮಹಡಿ ಅಳತಿ ನೆನಪಿಟ್ಟು ಗುರ್ತು ಹಾಕ್ಯಾರ. ಅವರ ಗುರ್ತನ್ನ ಮತ್ಯಾರೂ ನೋಡಿಲ್ಲ."

ಅಷ್ಟೇ ಇತ್ತು. ಅವಳು ಫೋನನ್ನು ಚೀಲದೊಳಗೆ ಇಟ್ಟುಕೊಂಡಳು.

ಮಾಬೂಬಿ ಚಾಚಿ ಮೊದಲು ಏನೂ ಅರ್ಥವಾಗದವರಂತೆ ಅವಳನ್ನೇ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು. ಕೆಲಸದ ಮಾತು, ಬಾಲ್ಕನಿಯ ಮಾತು, ಯಾವುದೂ ಅವರ ಬಾಯಿಂದ ಬರಲಿಲ್ಲ.

"ನಿಮಗ ನಾ ಕಾಣಂಗಿಲ್ಲೇನ್ರಿ?"

ಮೇಸ್ತ್ರಿ ತಲೆ ತಗ್ಗಿಸಿದರು.

"ಅಲ್ಲಾ! ನನ್ನ ಮ್ಯಾಲ ಸಿಟ್ಟ ಆಗಿಲ್ಲ ಹಂಗಾರ ನೀವು," ಎಂದು ಚಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರು ನಕ್ಕರೋ ಅತ್ತರೋ ಶಾಂಭವಿಗೆ ತಿಳಿಯಲಿಲ್ಲ. ಒಂದು ವರ್ಷದ ತಪ್ಪು ತಲೆಯ ಮೇಲಿನಿಂದ ಇಳಿದ ಗಳಿಗೆಯಲ್ಲೇ ಅದಕ್ಕಿಂತ ದೊಡ್ಡದೊಂದು ಬಂದು ಕೂತರೆ ಮನುಷ್ಯರು ಏನು ಮಾಡಬೇಕು. ಅವರು ಕೈಯೂರಿ ಎದ್ದು ಹೊರಸಿನ ಮುಂದೆ ಬಂದು ನಿಂತರು.

"ಇಲ್ಲಿಂದ ಕಾಣ್ತೇನೇನ್ರಿ?"

"ಇಲ್ಲ."

ಚಾಚಿ ಹೊರಸಿನ ಅಂಚಿಗೆ ಕುಳಿತರು. ಹೊರಗಿನವಳೊಬ್ಬಳು ಇದ್ದಾಳೆಂಬುದನ್ನೇ ಮರೆತಿದ್ದರು. ಮುಖವನ್ನು ಅವರ ಮುಖದ ಹತ್ತಿರ, ಉಸಿರು ತಾಗುವಷ್ಟು ಹತ್ತಿರ ತಂದರು.

"ಈಗರ?"

ಮೇಸ್ತ್ರಿ ಕಣ್ಣು ಅಗಲಿಸಿ ನೋಡಿದರು. ಸ್ವಲ್ಪ ಹೊತ್ತು ಹುಡುಕಿದರು.

"ಹಾಂ," ಅಂದರು. "ಈಗ ಕಾಣ್ತಿ."

ಅವರ ನೋಟ ಚಾಚಿಯ ಭುಜದ ಆಚೆ ಗೋಡೆಯ ಮೇಲಿತ್ತು. ಚಾಚಿ ಅದನ್ನು ನೋಡಿದರು, ಶಾಂಭವಿಯೂ ನೋಡಿದಳು. ಇಬ್ಬರೂ ಆ ಮಾತನ್ನು ಸುಳ್ಳೆನ್ನಲಿಲ್ಲ. ಚಾಚಿ ಗಂಡನ ಕೈಯನ್ನು ಎತ್ತಿ ತಮ್ಮ ಕೆನ್ನೆಯ ಮೇಲೆ ಇಟ್ಟುಕೊಂಡರು, ಶಾಂಭವಿ ಎದ್ದು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು.